ಏಪ್ರಿಲ್ 14ರ ಸೂಟಿ ಮತ್ತು ಪೊರಕೆಯ ಪಾಳಿ

ಹಾಸ್ಟೆಲಿನ ಗೆಳೆಯರೇ,

ಏಪ್ರಿಲ್ 14ರಂದು ನಮ್ಮ ಕೇರಿಗಳಲ್ಲಿ ಬಾಬಾಸಾಹೇಬರ ಪಟ ಹೊತ್ತು ಮೆರವಣಿಗೆ ಹೊರಡುವಾಗ ಸುತ್ತ ಒಮ್ಮೆ ಕಣ್ಣಾಡಿಸಿ. ಹುಡುಗರು ಇರ್ತಾರೆ, ಮುದುಕರು ಇರ್ತಾರೆ, ಹೆಂಗಸರಲ್ಲಿ ಅರ್ಧ ಜನ ಇರ್ತಾರೆ. ದುಡಿಯೋ ವಯಸ್ಸಿನವರು ಎಲ್ಲಿ? ಕಿರವತ್ತಿಯಂಥ ಊರಿನಿಂದ ಕಲಘಟಗಿ ದಾಟಿ ಹುಬ್ಬಳ್ಳಿ ಕಡೆಯ ಕಾರ್ಖಾನೆಗಳಿಗೆ ಹೋದವರು ಆ ಹೊತ್ತಿಗೆ ಪಾಳಿಯಲ್ಲಿ ನಿಂತಿರ್ತಾರೆ. ಸೂಟಿ ಕೇಳಿದ್ರಾ ಅಂದರೆ, "ಕೇಳಿದ್ವಿ, ಮುಕಾದಮ ಬ್ಯಾಡ ಅಂದ" ಅಂತಾರೆ. ಹೇಗೆ ಕೇಳಿದ್ರಿ ಅಂದರೆ, "ಬಾಯಾಗ ಕೇಳಿದ್ವಿ" ಅಂತಾರೆ.

ನಾವು ಹೇಳಬೇಕಾದದ್ದು ಈ "ಬಾಯಾಗ ಕೇಳಿದ್ವಿ" ಅನ್ನೋದರ ಬಗ್ಗೆ. ಬಾಯಲ್ಲಿ ಕೇಳಿದ ಸೂಟಿ ಭಿಕ್ಷೆ. ಕೊಟ್ಟವನು ನಾಳೆ ಅದನ್ನ ಎತ್ತಿ ಆಡ್ತಾನೆ, ಕೊಡದವನ ಮೇಲೆ ಯಾವ ಸಾಕ್ಷಿಯೂ ಉಳಿಯೋದಿಲ್ಲ. ಅಪ್ಪನಿಗೆ ಬರೆಯೋಕೆ ಬರದಿದ್ದರೆ ಅರ್ಜಿ ಬರೆಯಬೇಕಾದವರು ನಾವು ನೀವು. ಆದ್ದರಿಂದ ಸೂಟಿ ಅಂದರೆ ಏನು, ಜೊತೆಗಾರನ ಜೊತೆ ಪಾಳಿ ಬದಲಿ ಮಾಡೋದು ಅಂದರೆ ಏನು ಅಂತ ಮೊದಲು ನಮಗೆ ಗೊತ್ತಿರಬೇಕು.

ಪಗಾರದ ಸೂಟಿ ಮಾಲೀಕರ ಔದಾರ್ಯದಿಂದ ಬಂದದ್ದಲ್ಲ. 1942ರಿಂದ 1946ರವರೆಗೆ ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ಬಾಬಾಸಾಹೇಬರ ಕೈಯಲ್ಲಿತ್ತು. ಅವರ ಕಾಲದಲ್ಲೇ, 1945ರ ತಿದ್ದುಪಡಿಯಲ್ಲಿ, ಒಂದು ವರ್ಷ ದುಡಿದ ಕಾರ್ಖಾನೆ ಕೆಲಸಗಾರನಿಗೆ 10 ದಿನ ಸಂಬಳ ಸಹಿತ ರಜೆ ಅಂತ ಕಾನೂನಾಯಿತು. 1946ರ ತಿದ್ದುಪಡಿ ವಾರದ ದುಡಿಮೆಯನ್ನು 54 ಗಂಟೆಯಿಂದ 48ಕ್ಕೆ ಇಳಿಸಿತು. ಅವರ ಹುಟ್ಟುಹಬ್ಬಕ್ಕೆ ಸೂಟಿ ಕೇಳೋಕೆ ಮುಕಾದಮನ ಮುಂದೆ ತಲೆ ಕೆರೆಯುತ್ತ ನಿಲ್ಲುವ ನಮ್ಮಣ್ಣಂದಿರಿಗೆ, ಆ ಸೂಟಿಯನ್ನು ಕಾನೂನಿಗೆ ತಂದವರ ಹುಟ್ಟುಹಬ್ಬವೇ ಅದು ಅನ್ನೋದು ಗೊತ್ತಿಲ್ಲ. ನಮ್ಮ ಪಠ್ಯಪುಸ್ತಕದಲ್ಲಿ ಸಂವಿಧಾನ ಬರೆದರು ಅಂತ ಒಂದು ಸಾಲು ಇರ್ತದೆ, ಅಲ್ಲಿಗೆ ಮುಗೀತು.

ಆಮೇಲೆ 1948ರ ಕಾರ್ಖಾನೆ ಕಾಯ್ದೆ ಬಂತು. ವರ್ಷದಲ್ಲಿ 240 ದಿನ ದುಡಿದವನಿಗೆ 20 ದಿನದ ದುಡಿಮೆಗೆ ಒಂದು ದಿನದಂತೆ ಸಂಬಳದ ರಜೆ ಅಂತ ಅದು ಹೇಳಿತು. 2025ರ ನವೆಂಬರ್ 21ರಂದು ಆ ಕಾಯ್ದೆಯ ಜಾಗಕ್ಕೆ 2020ರ ಸಂಹಿತೆ ಬಂತು. ಅದರಲ್ಲಿ 240 ದಿನ ಹೋಗಿ 180 ಆಯಿತು. 20ಕ್ಕೆ ಒಂದು ಅನ್ನೋ ಲೆಕ್ಕ ಹಾಗೇ ಇದೆ. ಹೊಸ ಸಂಹಿತೆಯಲ್ಲಿ ನಮಗೆ ಕೆಡುಕಾದದ್ದು ಬೇಕಾದಷ್ಟಿದೆ, ಅದನ್ನ ಇನ್ನೊಮ್ಮೆ ಬರೆಯೋಣ. ಈ ಒಂದು ಮಾತು ಮಾತ್ರ ನಮ್ಮ ಕಡೆಗಿದೆ: ಆರು ತಿಂಗಳಿಗೆ ತೆಗೆದುಹಾಕಿ ಮತ್ತೆ ಸೇರಿಸಿಕೊಳ್ಳುವ ಗುತ್ತಿಗೆದಾರನ ಆಟಕ್ಕೆ 240 ದಿನ ಅನುಕೂಲವಾಗಿತ್ತು, 180 ದಿನ ಅಷ್ಟು ಅನುಕೂಲವಲ್ಲ.

ಈ ಕಾನೂನುಗಳಲ್ಲಿ ಯಾರೂ ಎತ್ತಿ ಹೇಳದ ಒಂದು ಮಾತಿದೆ. ಬಳಸದೆ ಉಳಿದ ರಜೆ ಮುಂದಿನ ವರ್ಷಕ್ಕೆ ಹೋಗುವಾಗ 30 ದಿನದ ಮಿತಿ ಉಂಟು. ಆದರೆ ಕೆಲಸಗಾರ ಕೇಳಿ, ಮಾಲೀಕ ಕೊಡದೆ ಹೋದ ರಜೆಗೆ ಆ ಮಿತಿ ಇಲ್ಲ. ಅದು ಎಷ್ಟಿದ್ದರೂ ಮುಂದಕ್ಕೆ ಹೋಗ್ತದೆ. ಅಂದರೆ ಕೊಡೋದಿಲ್ಲ ಅಂತ ಗೊತ್ತಿದ್ದರೂ ಅರ್ಜಿ ಕೊಡಬೇಕು. ಕೇಳದೆ ಬಿಟ್ಟ ದಿನ 30ರ ಮಿತಿಯೊಳಗೆ ಕರಗಿ ಹೋಗಬಹುದು, ಬರೆದು ಕೇಳಿ ನಿರಾಕರಿಸಿಕೊಂಡ ದಿನ ನಮ್ಮ ಖಾತೆಯಲ್ಲೇ ಉಳೀತದೆ. "ಹೆಂಗಿದ್ರೂ ಇಲ್ಲ ಅಂತಾನ, ಯಾಕ ಬರೀಬೇಕು" ಅನ್ನೋ ಅಣ್ಣನಿಗೆ ಇದನ್ನ ಮೊದಲು ಹೇಳಿ.

ಎಷ್ಟು ದಿನ ಮುಂಚೆ ಬರೀಬೇಕು? 1948ರ ಕಾಯ್ದೆ 15 ದಿನ ಅಂದಿತ್ತು. ಕಾಯಿಲೆ ಬಿದ್ದರೆ ಆ ನಿರ್ಬಂಧ ಇರಲಿಲ್ಲ. ಈಗ ನಿಮ್ಮ ಕಾರ್ಖಾನೆಯ ಸ್ಥಾಯೀ ಆದೇಶ ಏನು ಹೇಳ್ತದೆ ಅಂತ ನೋಡಬೇಕು. ಆದರೂ 15 ದಿನ ಅಂತಲೇ ಇಟ್ಟುಕೊಂಡರೆ ಮೋಸವಿಲ್ಲ. ಏಪ್ರಿಲ್ 14ಕ್ಕೆ ಮಾರ್ಚ್ 30ರೊಳಗೆ ಅರ್ಜಿ ಒಳಗೆ ಹೋಗಿರಬೇಕು.

ಇನ್ನು ಬದಲಿಯ ವಿಷಯ. ಸೂಟಿ ಖರ್ಚಾಗಿ ಹೋದವನು, ಅಥವಾ ಒಂದು ದಿನದ ಸಂಬಳದ ರಜೆ ಉಳಿಸಿಕೊಳ್ಳಬೇಕು ಅನ್ನೋನು ಜೊತೆಗಾರನನ್ನ ಕೇಳ್ತಾನೆ: "ಆವತ್ತು ನನ್ನ ಪಾಳಿ ನೀ ಮಾಡೋ ತಮ್ಮಾ, ನಿನ್ನ ಪಾಳಿ ನಾ ಮಾಡ್ತೀನಿ." ಇದು ಬಡವರ ನಡುವಿನ ಸಾಲ. ಬಡ್ಡಿ ಇಲ್ಲದ ಸಾಲ. ಆದರೆ ಇದರಲ್ಲೂ ಲೆಕ್ಕ ತಪ್ಪಿದರೆ ಇಬ್ಬರೂ ಬೀಳ್ತಾರೆ. 2026ರ ಕ್ಯಾಲೆಂಡರ್ ಹಿಡಿದು ಒಂದು ಲೆಕ್ಕ ಮಾಡೋಣ. ಆ ವರ್ಷ ಏಪ್ರಿಲ್ 14 ಮಂಗಳವಾರ.

ಕಿರವತ್ತಿಯ ನಮ್ಮ ಕೇರಿಯ ಒಬ್ಬ ಅಣ್ಣ, ಅವನ ಜೊತೆ ಅದೇ ಬಸ್ಸಿಗೆ ಹೋಗುವ ಒಬ್ಬ ಸಿದ್ದಿ ಗೆಳೆಯ ಅಂತ ಇಟ್ಟುಕೊಳ್ಳಿ. ಇಬ್ಬರದೂ ಒಂದೇ ಯಂತ್ರದ ಕೆಲಸ, ಇಬ್ಬರಿಗೂ ಮಧ್ಯಾಹ್ನ 2ರಿಂದ ರಾತ್ರಿ 10ರ ಪಾಳಿ. ಅಣ್ಣನ ವಾರದ ರಜೆ ಭಾನುವಾರ, ಸಿದ್ದಿ ಗೆಳೆಯನ ವಾರದ ರಜೆ ಮಂಗಳವಾರ. ಅಣ್ಣನಿಗೆ 14ರ ಮಂಗಳವಾರ ಬೇಕು. ಸಿದ್ದಿ ಗೆಳೆಯ ಕ್ರಿಶ್ಚಿಯನ್, ಅವನಿಗೆ ಒಂದು ಭಾನುವಾರ ಚರ್ಚಿನ ಮದುವೆಗೆ ಬೇಕು. ಯಾವ ಭಾನುವಾರ? 14ಕ್ಕಿಂತ ಮುಂಚಿನ 12ನೇ ತಾರೀಖಿನದೋ, ಆಮೇಲಿನ 19ನೇ ತಾರೀಖಿನದೋ? ಕೇಳೋಕೆ ಎರಡೂ ಒಂದೇ ಅನ್ನಿಸ್ತದೆ. ಒಂದೇ ಅಲ್ಲ.

12ನ್ನ ತಗೊಳ್ಳಿ. ಅಣ್ಣನ ಹಿಂದಿನ ರಜೆ ಏಪ್ರಿಲ್ 5. ಅವನು 6ರಿಂದ 13ರವರೆಗೆ, 12ರ ಭಾನುವಾರವೂ ಸೇರಿ, 8 ದಿನ ಬಿಡದೆ ದುಡಿದು 14ಕ್ಕೆ ರಜೆ ತಗೋತಾನೆ. ಗೆಳೆಯ 12ಕ್ಕೆ ರಜೆ ತಗೊಂಡು 13ರಿಂದ 20ರವರೆಗೆ 8 ದಿನ ದುಡಿದು 21ರ ಮಂಗಳವಾರ ಮತ್ತೆ ತನ್ನ ರಜೆಗೆ ಬರ್ತಾನೆ. ಈಗ 19ನ್ನ ತಗೊಳ್ಳಿ. ಅಣ್ಣ 12ಕ್ಕೆ ರಜೆ ಮಾಡಿ, 13 ದುಡಿದು, 14ಕ್ಕೆ ಮತ್ತೆ ರಜೆ ಮಾಡಿದ. ಖುಷಿಯಾಯಿತು. ಆಮೇಲೆ 15ರಿಂದ 25ರವರೆಗೆ, 19ರ ಭಾನುವಾರವೂ ಸೇರಿ, 11 ದಿನ ಬಿಡದೆ ದುಡಿಯಬೇಕು. ಗೆಳೆಯನ ಗತಿಯೂ ಅಷ್ಟೆ: 8ರಿಂದ 18ರವರೆಗೆ 11 ದಿನ.

1948ರ ಕಾಯ್ದೆ ಇದಕ್ಕೆ ಎರಡು ಗೆರೆ ಹಾಕಿತ್ತು. ವಾರದ ರಜೆ ಬದಲಾದರೆ ಬದಲಿ ರಜೆ ಹಿಂದಿನ ಅಥವಾ ಮುಂದಿನ 3 ದಿನದೊಳಗೆ ಸಿಗಬೇಕು. ಯಾವ ಕಾರಣಕ್ಕೂ 10 ದಿನಕ್ಕಿಂತ ಹೆಚ್ಚು ಬಿಡದೆ ದುಡಿಸಬಾರದು. 12ರ ಬದಲಿ ಎರಡೂ ಗೆರೆಯೊಳಗಿದೆ, 19ರ ಬದಲಿ ಎರಡನ್ನೂ ದಾಟ್ತದೆ. ಹೊಸ ಸಂಹಿತೆ ವಾರಕ್ಕೆ 6 ದಿನಕ್ಕಿಂತ ಹೆಚ್ಚು ದುಡಿಸಬಾರದು ಅನ್ನುತ್ತದೆ. ಭಾನುವಾರದಿಂದ ಶನಿವಾರಕ್ಕೆ ವಾರ ಎಣಿಸಿ ನೋಡಿ. 12 ಮತ್ತು 14 ಒಂದೇ ವಾರದೊಳಗಿವೆ, ಇಬ್ಬರದೂ 6 ದಿನವೇ ಆಗ್ತದೆ. 19 ಮುಂದಿನ ವಾರಕ್ಕೆ ಬೀಳ್ತದೆ, ಆ ವಾರ ಅಣ್ಣನದು 7 ದಿನ ಆಗ್ತದೆ. ಹಳೆ ಕಾನೂನು ಹೊಸ ಕಾನೂನು ಎರಡೂ ಒಂದೇ ಉತ್ತರ ಕೊಡ್ತವೆ. ಹನ್ನೊಂದನೆಯ ದಿನ ರೋಲರಿನ ಹತ್ತಿರ ಕೈ ಹೋಗುವ ಅಣ್ಣನ ಕಣ್ಣೂ ಅದೇ ಉತ್ತರ ಕೊಡ್ತದೆ.

ವಾರದ ರಜೆ ಬಿಟ್ಟು ಬರೀ ಪಾಳಿಯನ್ನೇ ಅದಲು ಬದಲು ಮಾಡಿದರೆ ಇನ್ನೊಂದು ತೊಂದರೆ ಇದೆ. ಮಂಗಳವಾರ ಒಂದೇ ದಿನ, ಬೆಳಗಿನ 6ರ ಪಾಳಿಯವನ ಜೊತೆ ಅಣ್ಣ ಬದಲಿ ಮಾಡಿಕೊಂಡ ಅಂದುಕೊಳ್ಳಿ. ಸಂಜೆಯ ಮೆರವಣಿಗೆಗೆ ಹೊತ್ತು ಸಿಕ್ಕಿತು, ಸರಿ. ಆದರೆ ಸೋಮವಾರ ರಾತ್ರಿ 10ಕ್ಕೆ ಬಿಟ್ಟವನು ಬೆಳಿಗ್ಗೆ 6ಕ್ಕೆ ಗೇಟಿನಲ್ಲಿರಬೇಕು. ನಡುವೆ 8 ಗಂಟೆ. ಕಿರವತ್ತಿಗೆ ಬಂದು ಹೋಗೋದಂತೂ ಆಗದ ಮಾತು, ಕಾರ್ಖಾನೆಯ ಶೆಡ್ಡಿನಲ್ಲೇ ಗೋಣಿ ಹಾಸಿ ಮಲಗಬೇಕು. ಬದಲಿ ಒಪ್ಪಿದವನಿಗೂ ಮಂಗಳವಾರ ರಾತ್ರಿ 10ರಿಂದ ಬುಧವಾರ ಬೆಳಿಗ್ಗೆ 6ರ ನಡುವೆ ಅಷ್ಟೇ. ದಿನದ ಲೆಕ್ಕದಲ್ಲಿ ಇಬ್ಬರೂ 8 ಗಂಟೆಯೇ ದುಡಿದಿದ್ದಾರೆ, ಆದ್ದರಿಂದ 1948ರ ಕಾಯ್ದೆಯ 9 ಗಂಟೆಯ ಮಿತಿ ಇದನ್ನ ತಡೆಯುತ್ತಿರಲಿಲ್ಲ. ಯುರೋಪಿನ ಒಕ್ಕೂಟದ 2003ರ ನಿರ್ದೇಶನದಲ್ಲಿ ಪ್ರತಿ 24 ಗಂಟೆಗೆ ಒಟ್ಟಾಗಿ 11 ಗಂಟೆ ಬಿಡುವು ಇರಬೇಕು ಅಂತ ಇದೆ. ನಮ್ಮಲ್ಲಿ ಅದನ್ನ ನಾವೇ ನೋಡ್ಕೋಬೇಕು. ಹೀಗೆ ಬದಲಿ ಮಾಡೋದಾದರೆ ಒಂದು ದಿನ ಮಾಡಬೇಡಿ, ವಾರದ ರಜೆ ಮುಗಿದ ಮಾರನೇ ದಿನದಿಂದ ಇಡೀ ವಾರದ ಪಾಳಿಯನ್ನೇ ಬದಲಿ ಮಾಡ್ಕೊಳ್ಳಿ.

ಲೆಕ್ಕ ಸರಿಹೋಯಿತು. ಈಗ ಬರವಣಿಗೆ. ಇಬ್ಬರೂ ಮಾತಾಡ್ಕೊಂಡ್ವಿ, ಮುಕಾದಮಗೂ ಹೇಳಿದ್ವಿ ಅಂತ ಬಿಟ್ಟರೆ ಏನಾಗ್ತದೆ ನೋಡಿ. ಮಸ್ಟರಿನಲ್ಲಿ ಮಂಗಳವಾರ ಅಣ್ಣನ ಹೆಸರಿದೆ, ಯಂತ್ರದ ಮುಂದೆ ಗೆಳೆಯ ಇದ್ದಾನೆ. ಅಣ್ಣನಿಗೆ ಗೈರುಹಾಜರಿಯ ಮೆಮೊ ಬರ್ತದೆ. ಗೆಳೆಯ ದುಡಿದ ದಿನದ ಸಂಬಳ ಲೆಕ್ಕಕ್ಕೇ ಬರೋದಿಲ್ಲ, ಯಾಕಂದರೆ ಆವತ್ತು ಅವನದು ರಜೆ. ಇದು ಹಣದ ಮಾತು, ಹೇಗೋ ಸರಿಮಾಡಬಹುದು. ಆವತ್ತೇ ಗೆಳೆಯನ ಬೆರಳು ಹೋದರೆ? ಇಎಸ್‌ಐ ಕಾಗದದಲ್ಲಿ ಮೊದಲು ಕೇಳೋದು ಅಪಘಾತದ ಹೊತ್ತಿಗೆ ಅವನು ಕೆಲಸದ ಮೇಲಿದ್ದನೇ ಅಂತ. "ಆವತ್ತು ಅವನ ಪಾಳಿನೇ ಇರಲಿಲ್ಲ, ಒಳಗ ಯಾಕ ಬಂದಿದ್ದ ನಮಗ ಗೊತ್ತಿಲ್ಲ" ಅನ್ನೋಕೆ ಕಾರ್ಖಾನೆಯವರಿಗೆ ಬಾಗಿಲು ತೆರೆದುಕೊಟ್ಟ ಹಾಗಾಯಿತು. ಮುಕಾದಮ ಆ ಹೊತ್ತಿಗೆ ಏನೂ ಕೇಳಿರೋದೇ ಇಲ್ಲ.

ಕಾನೂನಿನ ದೃಷ್ಟಿಯಲ್ಲೂ ಬಾಯಿಮಾತಿನ ಬದಲಿಗೆ ಬೆಲೆ ಇರಲಿಲ್ಲ. ಗೋಡೆಗೆ ಹಚ್ಚಿದ ಪಾಳಿಪಟ್ಟಿ ಮತ್ತು ಮೊದಲೇ ಪುಸ್ತಕದಲ್ಲಿ ಬರೆದ ಹೆಸರು, ಇವೆರಡಕ್ಕೆ ಹೊರತಾಗಿ ಯಾರನ್ನೂ ದುಡಿಸಬಾರದು ಅಂತ 1948ರ ಕಾಯ್ದೆ ಹೇಳಿತ್ತು. ಮೊದಲೇ ಅನ್ನೋದು ಮುಖ್ಯ. ಬದಲಿ ಆದ ಮೇಲೆ ತಿದ್ದಿದ ಪುಸ್ತಕ ಪುಸ್ತಕವಲ್ಲ. ಆದ್ದರಿಂದ ಕಾಗದ ಹೀಗಿರಲಿ:

"ವ್ಯವಸ್ಥಾಪಕರಿಗೆ. ಮಾನ್ಯರೇ, ಏಪ್ರಿಲ್ 14 ಮಂಗಳವಾರ ಅಂಬೇಡ್ಕರ್ ಜಯಂತಿಗೆ ನಾನು ಊರಿಗೆ ಹೋಗಬೇಕಾಗಿದೆ. ನನ್ನ ವಾರದ ರಜೆ ಏಪ್ರಿಲ್ 12 ಭಾನುವಾರ. ಇದೇ ವಿಭಾಗದ, ಇದೇ ಕೆಲಸದ ಇಂಥವರ ವಾರದ ರಜೆ ಏಪ್ರಿಲ್ 14. ನಾವಿಬ್ಬರೂ ಒಪ್ಪಿ, 12ರಂದು ಅವರ ಬದಲು ರಜೆಯಲ್ಲಿ ನಾನೂ, 14ರಂದು ನನ್ನ ಬದಲು ಅವರೂ ಎರಡನೇ ಪಾಳಿ ಮಾಡುತ್ತೇವೆ. ಪಾಳಿಪಟ್ಟಿಯಲ್ಲೂ ಹಾಜರಿ ಪುಸ್ತಕದಲ್ಲೂ ಮುಂಚಿತವಾಗಿ ಈ ಬದಲಾವಣೆ ಬರೆಸಬೇಕಾಗಿ ಕೋರುತ್ತೇವೆ. ಇದು ಆಗದಿದ್ದಲ್ಲಿ ಈ ಪತ್ರವನ್ನೇ ನನ್ನ 14ನೇ ತಾರೀಖಿನ ಸಂಬಳ ಸಹಿತ ರಜೆಯ ಅರ್ಜಿ ಎಂದು ತಿಳಿಯಬೇಕು."

ಕೊನೆಯ ವಾಕ್ಯವನ್ನ ಬಿಡಬೇಡಿ. ಬದಲಿ ಕೊಡೋದು ಬಿಡೋದು ಅವರ ಇಷ್ಟ ಆಗಬಹುದು, ರಜೆ ಹಾಗಲ್ಲ. ಕೆಳಗೆ ಇಬ್ಬರ ಸಹಿ, ಟೋಕನ್ ನಂಬರ್, ತಾರೀಖು. ಎರಡು ಪ್ರತಿ ಮಾಡಿ, ಒಂದರ ಮೇಲೆ "ಮುಟ್ಟಿದೆ" ಅಂತ ಸಹಿ ಹಾಕಿಸ್ಕೊಳ್ಳಿ. ಸಹಿ ಹಾಕೋದಿಲ್ಲ ಅಂದರೆ ಅಂಚೆಯಲ್ಲಿ ರಿಜಿಸ್ಟರ್ ಮಾಡಿ. ಗುತ್ತಿಗೆಯವರಾದರೆ ಒಂದು ಪ್ರತಿ ಗುತ್ತಿಗೆದಾರನಿಗೆ, ಒಂದು ಕಾರ್ಖಾನೆ ಆಫೀಸಿಗೆ. ಇಬ್ಬರೂ "ನನಗಲ್ಲ, ಅವರಿಗೆ" ಅಂತ ಬೊಟ್ಟು ಮಾಡೋದು ಇದರಿಂದ ತಪ್ಪುತ್ತದೆ.

ಇಷ್ಟು ಹೇಳಿದ್ದು ಯಂತ್ರದ ಮುಂದೆ ನಿಂತವರ ಮಾತು. ಈಗ ಪೊರಕೆ ಹಿಡಿದವರ ಕಡೆ ಬನ್ನಿ. ಇಲ್ಲಿ ಲೆಕ್ಕವೇ ಬೇರೆ.

ಬದಲಿ ಅಂದರೆ ಒಬ್ಬನ ಜಾಗದಲ್ಲಿ ಇನ್ನೊಬ್ಬ ನಿಲ್ಲೋದು. ನಿಲ್ಲೋಕೆ ಎರಡೂ ಕಡೆಯಿಂದ ದಾರಿ ಇರಬೇಕು. ಮುಂಬಯಿ ಗಿರಣಿಗಳ ಕಥೆ ನಮಗೆ ಗೊತ್ತಿರಲಿ. ಅಲ್ಲಿ ನೇಯುವ ಖಾತೆಯಲ್ಲಿ ಕೂಲಿ ಜಾಸ್ತಿ, ಅಲ್ಲಿಗೆ ಅಸ್ಪೃಶ್ಯರಿಗೆ ಪ್ರವೇಶ ಇರಲಿಲ್ಲ. ನೂಲು ಹರಿದರೆ ಎಂಜಲು ಹಚ್ಚಿ ಕೂಡಿಸಬೇಕು, ನಮ್ಮವರ ಎಂಜಲು ಮುಟ್ಟಿದ ನೂಲನ್ನ ಸವರ್ಣ ಕೂಲಿಗಾರ ಮುಟ್ಟೋದಿಲ್ಲ! ನಮ್ಮವರೆಲ್ಲ ಕಡಿಮೆ ಕೂಲಿಯ ನೂಲುವ ಖಾತೆಗೆ. 1928ರ ದೊಡ್ಡ ಮುಷ್ಕರದ ಹೊತ್ತಿನಲ್ಲಿ ಬಾಬಾಸಾಹೇಬರು ಇದನ್ನ ಮುಷ್ಕರದ ನಾಯಕರ ಮುಂದಿಟ್ಟರು. ಕೂಲಿಗಾರರೆಲ್ಲ ಒಂದು ಅಂತ ಘೋಷಣೆ ಕೂಗುವವರೇ ಆ ಬಾಗಿಲು ಕಾಯುತ್ತಿದ್ದರು. ಅದೇ ಗಿರಣಿಗಳಲ್ಲಿ ಗೈರಾದವನ ಜಾಗಕ್ಕೆ ನಿಲ್ಲೋ ಕೂಲಿಗಾರನಿಗೆ ಹೆಸರೇ "ಬದಲಿ". ಯಾವ ಖಾತೆಗೆ ನಿಮ್ಮನ್ನ ಬಿಡೋದಿಲ್ಲವೋ ಆ ಖಾತೆಯವನಿಗೆ ನೀವು ಬದಲಿ ಆಗಲಾರಿರಿ, ಅವನು ನಿಮಗೆ ಆಗೋದಿಲ್ಲ.

ಈಗ ನೂಲಿಗೆ ಎಂಜಲು ಹಚ್ಚೋದಿಲ್ಲ. ಪೊರಕೆ, ಗಟಾರ, ಕಕ್ಕಸು ಹಾಗೇ ಇವೆ. ಕಾರ್ಖಾನೆಯ ಸಫಾಯಿ ಪಾಳಿಯಲ್ಲಿ ಇರೋರ ಹೆಸರು ಓದಿ, ಕೇರಿಗಳ ಪಟ್ಟಿ ಓದಿದ ಹಾಗೆ ಇರ್ತದೆ. ಆ ಪಾಳಿಯ ಅಕ್ಕ ಒಬ್ಬಳಿಗೆ ದೀಪಾವಳಿ ದಿನ ಬೇಕಾದರೆ ಜೊತೆಯವಳ ಹತ್ತಿರ ಬದಲಿ ಕೇಳ್ತಾಳೆ, ಸಿಗ್ತದೆ. ಏಪ್ರಿಲ್ 14 ಬೇಕಾದರೆ? ಜೊತೆಯವಳಿಗೂ ಅದೇ ದಿನ ಬೇಕು. ಮೂರನೆಯವಳಿಗೂ ಅದೇ ಬೇಕು. ಯಾರಿಗೆ ಆ ದಿನ ಬೇಡವೋ ಅವರು ಪೊರಕೆ ಮುಟ್ಟೋದಿಲ್ಲ. ಪ್ಯಾಕಿಂಗ್ ಖಾತೆಯವನನ್ನ ಕೇಳಿ ನೋಡಿ: "ಏನಕ್ಕಾ, ಆ ಕೆಲಸ ನನಗ ಹೇಳ್ತಿಯಾ?" ಅಂತ ನಗ್ತಾನೆ. ಇಡೀ ವರ್ಷದಲ್ಲಿ ನಮ್ಮವರೆಲ್ಲರಿಗೂ ಒಟ್ಟಿಗೆ ಬೇಕಾದ ಒಂದೇ ಒಂದು ದಿನ, ಆ ದಿನವೇ ಬದಲಿ ಅನ್ನೋ ದಾರಿ ಮುಚ್ಚಿರ್ತದೆ. ಮುಚ್ಚಿದ್ದು ಕಾನೂನಲ್ಲ, ಮುಕಾದಮನೂ ಅಲ್ಲ. ಪಕ್ಕದಲ್ಲಿ ನಿಂತು ಟೀ ಕುಡಿಯುವ ಜೊತೆಗಾರನ ಜಾತಿ.

ಇದರಿಂದ ಸಿಟ್ಟು ಬಂದು ಕೆಲವೆಡೆ ನಮ್ಮವರು ಎಲ್ಲರೂ ಸೇರಿ ಹೇಳದೆ ಕೇಳದೆ ಆವತ್ತು ಗೈರಾಗೋಣ ಅಂತ ಮಾತಾಡ್ತಾರೆ. ಸಿಟ್ಟು ನ್ಯಾಯವಾದದ್ದು. ಆದರೆ ಒಂದು ಮಾತು ತಿಳಿದಿರಲಿ. 10 ಅಥವಾ ಹೆಚ್ಚು ಜನ ಒಟ್ಟುಗೂಡಿ, ತಕ್ಕ ನೋಟೀಸು ಕೊಡದೆ, ಸರಿಯಾದ ಕಾರಣ ಇಲ್ಲದೆ ಗೈರಾದರೆ 8 ದಿನದವರೆಗಿನ ಸಂಬಳ ಮುರಿದುಕೊಳ್ಳಬಹುದು ಅಂತ 1936ರ ವೇತನ ಪಾವತಿ ಕಾಯ್ದೆಯಲ್ಲಿತ್ತು, 2019ರ ವೇತನ ಸಂಹಿತೆಯೂ ಅದನ್ನ ಉಳಿಸಿಕೊಂಡಿದೆ. ಒಂದು ದಿನದ ಜಯಂತಿಗೆ 8 ದಿನದ ಅಕ್ಕಿ ಹೋಗ್ತದೆ. ಹನ್ನೆರಡು ಜನ ಹನ್ನೆರಡು ಬೇರೆ ಬೇರೆ ಅರ್ಜಿಯನ್ನ 15 ದಿನ ಮುಂಚೆ ಕೊಟ್ಟು, ಮುಟ್ಟಿದ ಸಹಿ ಇಟ್ಟುಕೊಂಡಿದ್ದರೆ ಕೇಳದೆ ಹೋದರು ಅನ್ನೋ ಮಾತಿಗೆ ಎಡೆಯಿರೋದಿಲ್ಲ. ಹನ್ನೆರಡನ್ನೂ ನಿರಾಕರಿಸಿದರೆ ಹನ್ನೆರಡು ದಿನ ಅವರ ಪುಸ್ತಕದಲ್ಲಿ ಸಾಲವಾಗಿ ನಿಲ್ತದೆ, ಮತ್ತು ನಿರಾಕರಣೆಯ ಆ ಹನ್ನೆರಡು ಕಾಗದ ನಮ್ಮ ಕೈಗೆ ಬರ್ತವೆ.

ಆ ಕಾಗದ ಇಟ್ಟುಕೊಂಡು ಏನು ಮಾಡೋದು? ನಮ್ಮ ರಾಜ್ಯದಲ್ಲಿ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ ಅಂತ ಒಂದಿದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಇವು ಕಾರ್ಖಾನೆಯಲ್ಲಿ ಕಡ್ಡಾಯ ರಜೆ. ಇವುಗಳ ಮೇಲೆ ಇನ್ನೂ 5 ಹಬ್ಬದ ರಜೆ ಕೊಡಬೇಕು. ಯಾವ ಐದು ಅನ್ನೋದನ್ನ ಕಾನೂನು ಹೆಸರಿಸಿಲ್ಲ, ಕೆಲಸಗಾರರ ಮಾತನ್ನೂ ಕೇಳಿ ಗೊತ್ತುಮಾಡಬೇಕು. ಸರ್ಕಾರಿ ಆಫೀಸಿಗೆ ಅಂಬೇಡ್ಕರ್ ಜಯಂತಿ ರಜೆ ಇದೆ ಅಂದ ಮಾತ್ರಕ್ಕೆ ಕಾರ್ಖಾನೆಗೆ ತಾನಾಗಿ ಬರೋದಿಲ್ಲ. ಐದರ ಪಟ್ಟಿಯೊಳಗೆ ಅದನ್ನ ಬರೆಸಬೇಕು. ಬರೆಸಿಬಿಟ್ಟರೆ, ಆವತ್ತೂ ಗಟಾರ ಕಟ್ಟಿಕೊಂಡಿತು ಅಂತ ಕರೆಸಿಕೊಂಡವರಿಗೆ ಎರಡು ಪಟ್ಟು ಕೂಲಿ, ಇಲ್ಲವೇ ಕೂಲಿ ಕೊಟ್ಟು ಇನ್ನೊಂದು ದಿನ ರಜೆ ಕೊಡಬೇಕಾಗ್ತದೆ. ಆಗ ಬದಲಿ ಹುಡುಕೋ ತಲೆನೋವು ಅಕ್ಕನದಲ್ಲ, ಕಾರ್ಖಾನೆಯದು.

ಆ ಪಟ್ಟಿ ಹೊಸ ವರ್ಷ ಶುರುವಾಗೋದಕ್ಕೆ ಮುಂಚೆ ತಯಾರಾಗ್ತದೆ. ಯೂನಿಯನ್ನಿನವರು ಕೂತು ಗಣೇಶ ಚೌತಿ, ಆಯುಧಪೂಜೆ, ದೀಪಾವಳಿ ಅಂತ ಎಣಿಸುವಾಗ ಅಲ್ಲಿ ನಮ್ಮವರು ಯಾರೂ ಇರೋದಿಲ್ಲ, ಸಫಾಯಿಯವರು ಗುತ್ತಿಗೆಯವರು ಅಂತ ಯೂನಿಯನ್ನಿಗೇ ಸೇರಿಸಿರೋದಿಲ್ಲ. ದಸರಾ ರಜೆಗೆ ಊರಿಗೆ ಹೋದಾಗ ಅಪ್ಪ ಅವ್ವ ದುಡಿಯೋ ಕಡೆ ಆ ವರ್ಷದ ಪಟ್ಟಿ ಗೋಡೆಯ ಮೇಲೆ ಇದೆಯೇ, ಐದರಲ್ಲಿ ಏನೇನಿದೆ ಅಂತ ಬರೆದುಕೊಂಡು ಬನ್ನಿ. ನವೆಂಬರಿನ ಸಭೆಗೆ ತನ್ನಿ. ಎಲ್ಲವನ್ನೂ ಒಟ್ಟು ಮಾಡಿ ಕಾರ್ಮಿಕ ಇಲಾಖೆಗೆ ಮನವಿ ಕೊಡೋದು ಡಿಸೆಂಬರಿನೊಳಗೆ ಆಗಬೇಕು.